ಎರಡು ಲ್ಯಾಪ್‌ಟಾಪ್, ಒಂದು ಸ್ಟೀಮ್ ಡೆಕ್: ಪೋರ್ಟ್‌ಲ್ಯಾಂಡ್‌ನಿಂದ ಶಿವಮೊಗ್ಗಕ್ಕೆ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಹಾಗಾಗಿ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊಗೆ ಆಫೀಸಿನ ಕೆಲಸದ ಮೇಲೆ ಯಾರೇ ಹೊರಟರೂ ಬೆಂಗಳೂರಿನ ಗೆಳೆಯರು ಒಂದು ಪಟ್ಟಿ ಕೊಡುತ್ತಾರೆ. 2024ರ ಕೊನೆಯಲ್ಲಿ ನಾನು ಹೊರಟಾಗ ಆ ಪಟ್ಟಿಯಲ್ಲಿ ನನ್ನದೂ ಒಂದು ಹೆಸರಿತ್ತು: ಸ್ಟೀಮ್ ಡೆಕ್ ಓಎಲ್‌ಇಡಿ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ, ಒಂದು ಟೆರಾಬೈಟಿನದು. ಆಗ ಅಲ್ಲಿ ಬೆಲೆ 649 ಡಾಲರ್. ನಮ್ಮಲ್ಲಿ ಕಂಪನಿ ಅದನ್ನು ನೇರವಾಗಿ ಮಾರುತ್ತಿರಲಿಲ್ಲ. ಯಾರೋ ತರಿಸಿಟ್ಟುಕೊಂಡು ಮಾರುವವರ ಹತ್ತಿರ ಜಾಸ್ತಿ ದುಡ್ಡು ಕೊಟ್ಟು ಕೊಳ್ಳಬೇಕು, ವಾರಂಟಿ ದೇವರಿಗೇ ಪ್ರೀತಿ.

ತರುವುದೇನೋ ಸರಿ. ಆದರೆ ನನ್ನ ಬ್ಯಾಗಿನಲ್ಲಿ ಅದಾಗಲೇ ಎರಡು ಲ್ಯಾಪ್‌ಟಾಪ್ ಇದ್ದವು. ಒಂದು ಆಫೀಸಿನದು. ಇನ್ನೊಂದು ನನ್ನ ಸ್ವಂತದ ಗೇಮಿಂಗ್ ಲ್ಯಾಪ್‌ಟಾಪ್, ಬೆಂಗಳೂರಿನಲ್ಲೇ ಹಿಂದಿನ ವರ್ಷ ಕೊಂಡದ್ದು. ಎರಡು ತಿಂಗಳು ಹೋಟೆಲ್ ರೂಮಿನಲ್ಲಿ ಸುಮ್ನೆ ಕೂರುವುದು ಬೇಡ ಅಂತ ಅದನ್ನೂ ಹೊತ್ತೊಯ್ದಿದ್ದೆ. ವಾಪಸು ಬರುವಾಗ ಒಬ್ಬ ಮನುಷ್ಯ, ಎರಡು ಲ್ಯಾಪ್‌ಟಾಪ್, ಒಂದು ಹೊಸ ಕನ್ಸೋಲ್. ಕಸ್ಟಮ್ಸ್‌ನವರಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಬೇಕಾ?

ಆದ್ದರಿಂದ ಕೆಲಸ ಶುರುವಾಗುವುದು ವಾಪಸು ಬರುವಾಗಲ್ಲ, ಹೊರಡುವಾಗಲೇ. ನಮ್ಮ ನಿಯಮದ ಪ್ರಕಾರ ಹದಿನೆಂಟು ತುಂಬಿದ ಪ್ರಯಾಣಿಕ ಹೊರದೇಶದಿಂದ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಒಂದು, ಎರಡಲ್ಲ. ನಾನು ಇಲ್ಲಿಂದಲೇ ಒಯ್ದ ವಸ್ತುವಿಗೆ ಸುಂಕ ಕಟ್ಟಬೇಕಿಲ್ಲ ಅನ್ನುವುದು ನಿಜ. ಆದರೆ ಅದು ಇಲ್ಲಿಂದಲೇ ಹೋದದ್ದು ಅಂತ ತೋರಿಸುವ ಹೊಣೆ ನನ್ನದು. ಮಾಸಲಾದ ಆಫೀಸ್ ಲ್ಯಾಪ್‌ಟಾಪನ್ನು ಯಾರೂ ಕೇಳುವುದಿಲ್ಲ. ಫಳಫಳ ಹೊಳೆಯುವ ಒಂದೂವರೆ ಲಕ್ಷದ ಗೇಮಿಂಗ್ ಲ್ಯಾಪ್‌ಟಾಪ್ ಕಂಡರೆ ಕೇಳುತ್ತಾರೆ.

ಇದಕ್ಕೇ ಇರುವುದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಹೆಸರು ಕೇಳಿದರೆ ಕಂಟೇನರ್ ಗಟ್ಟಲೆ ಮಾಲು ಕಳಿಸುವವರ ಕಾಗದ ಅನಿಸುತ್ತದೆ. ಆದರೆ ಇದು ಮಾಮೂಲಿ ಪ್ರಯಾಣಿಕರಿಗೂ ಸಿಗುತ್ತದೆ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ನಿರ್ಗಮನದ ಕಡೆ ಕಸ್ಟಮ್ಸ್ ಅಧಿಕಾರಿಯನ್ನು ಹುಡುಕಿ, "ಈ ಲ್ಯಾಪ್‌ಟಾಪ್ ವಾಪಸು ತರುತ್ತೇನೆ, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬೇಕು" ಅಂದೆ. ಪಾಸ್‌ಪೋರ್ಟ್, ಟಿಕೆಟ್, ಇಲ್ಲಿ ಕೊಂಡ ಬಿಲ್ಲು, ಮತ್ತು ಲ್ಯಾಪ್‌ಟಾಪ್. ಇಷ್ಟೇ ಕೇಳಿದ್ದು. ವಸ್ತುವನ್ನು ಕಣ್ಣಾರೆ ನೋಡದೆ ಅವರು ಸಹಿ ಹಾಕುವುದಿಲ್ಲ. ಹಾಗಾಗಿ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ ಬೆಲ್ಟಿನ ಮೇಲೆ ಕಳಿಸಿದ ಮೇಲೆ ಹೋಗಿ ಕೇಳಿದರೆ ಪ್ರಯೋಜನ ಇಲ್ಲ.

ಅಧಿಕಾರಿ ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿ ಸೀರಿಯಲ್ ನಂಬರ್ ಹುಡುಕಿದರು. ಅಂಟಿಸಿದ ಚೀಟಿ ತೊಡೆಯ ಬಿಸಿಗೆ, ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಇದನ್ನು ಮನೆಯಲ್ಲೇ ನೋಡಿಕೊಂಡಿದ್ದೆ. ಚೀಟಿ ಅಳಿಸಿದ್ದರೂ ನಂಬರ್ ಯಂತ್ರದ ಒಳಗೆ ಇದ್ದೇ ಇರುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಇಷ್ಟು ಬರೆದರೆ ಸಾಕು:

```
Get-CimInstance Win32_BIOS | Select-Object SerialNumber
```

ಪರದೆಯಲ್ಲಿ ಬಂದ ನಂಬರನ್ನು ಬಿಲ್ಲಿನಲ್ಲಿದ್ದ ನಂಬರಿನ ಜೊತೆ ಹೋಲಿಸಿ ತೋರಿಸಿದೆ. ಅವರು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, ಬರೆದುಕೊಂಡು, ಸೀಲು ಹೊಡೆದು ಕೊಟ್ಟರು. ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಆ ಹೊತ್ತಿಗೆ ಅದೇ ಕಾಗದ ಕೇಳಿಕೊಂಡು ಬಂದವನು ನಾನೊಬ್ಬನೇ, ಫಾರಂ ಹುಡುಕಬೇಕಿತ್ತು. ಇದಕ್ಕೆ ಅಂತಲೇ ಬೇಗ ಹೋಗಿದ್ದೆ. ಆ ಕಾಗದದ ಫೋಟೊ ತೆಗೆದು ಮೇಲ್‌ಗೆ ಹಾಕಿಕೊಂಡೆ, ಅಸಲಿಯನ್ನು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟೆ.

ಇನ್ನು ಬ್ಯಾಟರಿ ವಿಚಾರ. ಜನ ಇಲ್ಲಿ ಭಯಪಡುವುದೊಂದು, ನಿಜವಾದ ತೊಂದರೆ ಇನ್ನೊಂದು. ಗೇಮಿಂಗ್ ಲ್ಯಾಪ್‌ಟಾಪಿನ ಬ್ಯಾಟರಿ ದೊಡ್ಡದು, ಬಿಡುತ್ತಾರೋ ಇಲ್ಲವೋ ಅಂತ ಕೇಳುವವರು ಬಹಳ. ವಿಮಾನದ ಲೆಕ್ಕ ವ್ಯಾಟ್-ಅವರ್‌ನಲ್ಲಿ. ನೂರರವರೆಗೆ ಯಾರ ಅಪ್ಪಣೆಯೂ ಬೇಡ. ನೂರರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದರ ಮೇಲಿನದು ಪ್ರಯಾಣಿಕರ ಸಾಮಾನಿನಲ್ಲಿ ಹೋಗುವ ಹಾಗೇ ಇಲ್ಲ. ಲ್ಯಾಪ್‌ಟಾಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಎಷ್ಟು ದೈತ್ಯ ಲ್ಯಾಪ್‌ಟಾಪ್ ಆದರೂ ಬ್ಯಾಟರಿ 99 ಚಿಲ್ಲರೆಗೆ ಬಂದು ನಿಲ್ಲುತ್ತದೆ. ನನ್ನದು 90. ಸ್ಟೀಮ್ ಡೆಕ್ ಓಎಲ್‌ಇಡಿಯದ್ದು 50, ಹಳೆಯ ಎಲ್‌ಸಿಡಿ ಡೆಕ್‌ನದು 40, ನಿಂಟೆಂಡೊ ಸ್ವಿಚ್‌ನದು ಬರೀ 16. ಈ ಯಾವುದನ್ನೂ ಯಾರೂ ತಡೆಯುವುದಿಲ್ಲ.

ತಡೆಯುವುದು ಪವರ್ ಬ್ಯಾಂಕನ್ನು. ಡಬ್ಬಿಯ ಮೇಲೆ 20,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ವ್ಯಾಟ್-ಅವರ್ ಮಾತ್ರ ಇರುವೆ ಗಾತ್ರದ ಅಕ್ಷರದಲ್ಲಿ. ಲೆಕ್ಕ ಕಷ್ಟದ್ದಲ್ಲ. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ, ಒಳಗಿನ ಸೆಲ್ಲಿನ ವೋಲ್ಟೇಜಿನಿಂದ ಗುಣಿಸಬೇಕು. ಆ ವೋಲ್ಟೇಜ್ ಸಾಮಾನ್ಯವಾಗಿ 3.7. ಇಪ್ಪತ್ತು ಸಾವಿರದ್ದು 74 ಆಯಿತು, ಆರಾಮ. ಮೂವತ್ತು ಸಾವಿರದ್ದು 111, ಅಂದರೆ ಒಪ್ಪಿಗೆ ಇಲ್ಲದೆ ಒಯ್ಯುವಂತಿಲ್ಲ. ಕೆಲವರು ಯುಎಸ್‌ಬಿಯ ಐದು ವೋಲ್ಟಿನಿಂದ ಗುಣಿಸಿ ತಮ್ಮ ಇಪ್ಪತ್ತು ಸಾವಿರದ್ದೂ ನೂರು ಮುಟ್ಟಿತು ಅಂತ ಗಾಬರಿಯಾಗುತ್ತಾರೆ, ಅದು ಬೇಕಿಲ್ಲ. ಬೆಂಗಳೂರಿನ ಸೆಕ್ಯೂರಿಟಿಯಲ್ಲಿ ನನ್ನ ಮುಂದಿದ್ದ ಹುಡುಗನ ಪವರ್ ಬ್ಯಾಂಕ್ ಹೋದದ್ದು ದೊಡ್ಡದು ಅಂತ ಅಲ್ಲ, ಅಕ್ಷರ ಅಳಿಸಿಹೋಗಿತ್ತು ಅಂತ. ಸಿಐಎಸ್‌ಎಫ್‌ನವರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಓದಲಿಕ್ಕೆ ಏನೂ ಇರಲಿಲ್ಲ. ಪಕ್ಕದ ಡಬ್ಬಕ್ಕೆ ಹಾಕಿದರು. ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಕೆಪಾಸಿಟಿ ಓದಲಾಗದ ಪವರ್ ಬ್ಯಾಂಕ್ ಅವರ ಮಟ್ಟಿಗೆ ಲೆಕ್ಕ ಸಿಗದ ಪವರ್ ಬ್ಯಾಂಕ್.

ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಯಾವತ್ತೂ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಇಡುವಂತಿಲ್ಲ. ಲಿಥಿಯಂ ಬ್ಯಾಟರಿ ಒಮ್ಮೆ ಒಳಗಿಂದ ಹೊತ್ತಿಕೊಂಡರೆ ತನ್ನ ಬಿಸಿಯಿಂದಲೇ ಮುಂದಿನ ಸೆಲ್ಲನ್ನು ಹೊತ್ತಿಸುತ್ತದೆ. ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿ ನೋಡುತ್ತಾರೆ, ನೀರು ಹಾಕುತ್ತಾರೆ. ಕೆಳಗಿನ ಸಾಮಾನು ಕೋಣೆಯಲ್ಲಿ ಕೈಹಾಕುವವರಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಸುಟ್ಟುಹೋಯಿತಲ್ಲ, ಬೆಂಕಿ ಶುರುವಾದದ್ದು ಸೀಟಿನ ಮೇಲಿನ ಬಿನ್‌ನಲ್ಲಿ, ಗುಮಾನಿ ಬಂದದ್ದು ಪವರ್ ಬ್ಯಾಂಕಿನ ಮೇಲೆ. ಆಮೇಲೆ ಒಂದೊಂದೇ ದೇಶ ನಿಯಮ ಬಿಗಿ ಮಾಡಿತು. ಈಗ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಪವರ್ ಬ್ಯಾಂಕನ್ನು ಮೇಲಿನ ಬಿನ್‌ನಲ್ಲಿ ಇಡಬೇಡಿ, ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡಬೇಡಿ ಅನ್ನುತ್ತದೆ. ಹ್ಯಾಂಡ್‌ಹೆಲ್ಡ್ ಆಡುವವರಿಗೆ ಇದು ಬೇಜಾರಿನ ವಿಷಯವೇ. ದೊಡ್ಡ ಆಟ ಹಾಕಿದರೆ ಡೆಕ್ ಎರಡು-ಮೂರು ಗಂಟೆಗೆ ಮಲಗುತ್ತದೆ.

ಯಂತ್ರದ ಒಳಗಿನ ಬ್ಯಾಟರಿಯಲ್ಲಿ ನೋಡಬೇಕಾದ್ದು ಗಾತ್ರವಲ್ಲ, ಅದು ಉಬ್ಬಿದೆಯೋ ಅನ್ನುವುದು. ಹೊರಡುವ ಮುನ್ನ ಲ್ಯಾಪ್‌ಟಾಪನ್ನು ಮುಚ್ಚಿ, ಸಮತಟ್ಟಾದ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದೆ. ಅಲುಗಾಡಲಿಲ್ಲ. ಉಬ್ಬಿದ್ದರೆ ದೋಸೆ ಕಾವಲಿ ಮಧ್ಯ ಎದ್ದಂತೆ ತಳ ಎದ್ದಿರುತ್ತದೆ, ಮೂಲೆ ಒತ್ತಿದರೆ ಕುಂಟುತ್ತದೆ. ಇನ್ನೊಂದು ಗುರುತು ಟಚ್‌ಪ್ಯಾಡ್. ಬ್ಯಾಟರಿ ಅದರ ಕೆಳಗೇ ಇರುವುದರಿಂದ ಮೊದಲು ಕ್ಲಿಕ್ ಗಟ್ಟಿಯಾಗುತ್ತದೆ, ಆಮೇಲೆ ಒತ್ತಲಿಕ್ಕೇ ಆಗುವುದಿಲ್ಲ. ಜೊತೆಗೆ ಹೊರಟಿದ್ದ ಸಹೋದ್ಯೋಗಿಯ ಲ್ಯಾಪ್‌ಟಾಪ್ ಹೀಗೇ ಆಗಿತ್ತು. "ಟಚ್‌ಪ್ಯಾಡ್ ಹಾಳಾಗಿದೆ, ಮೌಸ್ ಇದೆಯಲ್ಲ" ಅಂತ ಸುಮ್ಮನಿದ್ದ. ಅಂಗಡಿಯವನು ತಳ ಬಿಚ್ಚಿದಾಗ ಮೂರು ಸೆಲ್ಲು ದಿಂಬಿನ ಹಾಗೆ ಊದಿದ್ದವು. ಅಂಥ ಬ್ಯಾಟರಿಯನ್ನು ಕ್ಯಾಬಿನ್‌ನಲ್ಲೂ ಒಯ್ಯುವಂತಿಲ್ಲ. ಬದಲಾಯಿಸಿಕೊಂಡೇ ಹೊರಟ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ನಿಂತಿತು ಅಂತ ಅರ್ಥ ಅಲ್ಲ. ಈಗಿನ ಬಹುಪಾಲು ವಿಂಡೋಸ್ ಯಂತ್ರಗಳ ನಿದ್ದೆ ಅರೆ ನಿದ್ದೆ. ಬ್ಯಾಗಿನೊಳಗೇ ಎದ್ದು ಅಪ್‌ಡೇಟ್ ಹುಡುಕುತ್ತದೆ, ಫ್ಯಾನಿಗೆ ಗಾಳಿ ಸಿಗದೆ ಬಿಸಿಯಾಗುತ್ತದೆ. `powercfg /a` ಅಂತ ಕೊಟ್ಟಾಗ ಪಟ್ಟಿಯಲ್ಲಿ `Standby (S0 Low Power Idle)` ಕಂಡರೆ ನಿಮ್ಮದೂ ಆ ಜಾತಿಯದೇ. ಆದ್ದರಿಂದ ಬ್ಯಾಗಿಗೆ ಹಾಕುವ ಮುನ್ನ ಪೂರ್ತಿ ಶಟ್‌ಡೌನ್. ಡೆಕ್‌ಗೂ ಅಷ್ಟೇ. ಪವರ್ ಗುಂಡಿ ಒಮ್ಮೆ ಒತ್ತಿದರೆ ಅದು ಬರೀ ಮಲಗುತ್ತದೆ. ಹಿಡಿದುಕೊಂಡು ಮೆನು ಬಂದ ಮೇಲೆ ಶಟ್‌ಡೌನ್ ಆರಿಸಬೇಕು. ಡೆಕ್‌ನ ಬಯೋಸ್‌ನಲ್ಲಿ `Battery Storage Mode` ಅಂತ ಇನ್ನೂ ಗಟ್ಟಿಯಾದ ಬೀಗ ಇದೆ, ಅದನ್ನು ಹಾಕಿದರೆ ಚಾರ್ಜರ್ ಚುಚ್ಚುವವರೆಗೆ ಯಂತ್ರ ಏಳುವುದೇ ಇಲ್ಲ. ಆದರೆ ಕೈಯಲ್ಲಿ ಒಯ್ಯುವಾಗ ನಾನು ಅದನ್ನು ಹಾಕಲಿಲ್ಲ. ಅಮೆರಿಕದ ಸೆಕ್ಯೂರಿಟಿಯವರು ಯಾವುದೇ ಯಂತ್ರವನ್ನು ಆನ್ ಮಾಡಿ ತೋರಿಸಿ ಅನ್ನಬಹುದು. ಆನ್ ಆಗದಿದ್ದರೆ ವಿಮಾನಕ್ಕೆ ಬಿಡದೆ ಇರಬಹುದು. ಪೂರ್ತಿ ಆಫ್ ಮಾಡಿ, ಅರ್ಧ ಚಾರ್ಜ್ ಉಳಿಸಿಕೊಂಡರೆ ಎರಡೂ ಕಡೆಗೆ ಸರಿ.

ಹಿಲ್ಸ್‌ಬರೊದಲ್ಲಿ ದೊಡ್ಡಮ್ಮನ ಮಗಳು, ಅಕ್ಕ, ಇದ್ದಾಳೆ. ಡೆಕ್ ಆರ್ಡರ್ ಮಾಡಿ ಅವಳ ಮನೆಗೇ ತರಿಸಿದೆ. ಹೊರಡುವ ಮುನ್ನ ಡಬ್ಬಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಡೋಣ, ಜಾಗ ಇದೆ ಅಂದಳು ಅಕ್ಕ. ಭಾವ ತಕ್ಷಣ, "ಬೇಡಪ್ಪಾ, ನನ್ನದು ಹಾಗೇ ಹೋಯಿತು" ಅಂದರು.

ಅವರದ್ದೊಂದು ಹ್ಯಾಂಡ್‌ಹೆಲ್ಡ್ ಊರಿಗೆ ಬರುವಾಗ ಸೂಟ್‌ಕೇಸಿನಿಂದ ಮಾಯವಾಗಿತ್ತು. ಬೀಗ ಹಾಕಿದ್ದು ಹಾಕಿದಂತೇ ಇತ್ತು. ಜಿಪ್ ಹರಿದಿರಲಿಲ್ಲ. ಮನೆಗೆ ಬಂದು ತೆಗೆದು ನೋಡಿದರೆ ಕೇಸ್ ಇದೆ, ಒಳಗೆ ಯಂತ್ರ ಇಲ್ಲ. ಭಾವ ಅಡುಗೆಮನೆಯಿಂದ ಒಂದು ಬಾಲ್ ಪೆನ್ ತಂದು ನನ್ನ ಸೂಟ್‌ಕೇಸಿನ ಮೇಲೆ ತೋರಿಸಿದರು. ಪೆನ್ನಿನ ಮೊನೆಯನ್ನು ಜಿಪ್ ಹಲ್ಲುಗಳ ನಡುವೆ ಒತ್ತಿದರೆ ಹಲ್ಲು ಬಿಡುತ್ತದೆ, ಕೈ ಒಳಗೆ ಹೋಗುವಷ್ಟು ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಬೀಗ ಹಾಕಿದ ಎರಡು ಜಿಪ್ ರನ್ನರ್‌ಗಳನ್ನೂ ಒಟ್ಟಿಗೆ ಹಿಡಿದು ಆ ಜಾಗದ ಮೇಲೆ ಒಂದು ಸುತ್ತು ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮೂವತ್ತು ಸೆಕೆಂಡೂ ಆಗಲಿಲ್ಲ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ರನ್ನರನ್ನು ಸೂಟ್‌ಕೇಸಿನ ಹಿಡಿಕೆಗೋ ಚೌಕಟ್ಟಿಗೋ ಸಿಕ್ಕಿಸಿ ಬೀಗ ಹಾಕಿದರೆ ಆ ಸುತ್ತು ಎಳೆಯಲಾಗುವುದಿಲ್ಲ, ಕಡೇ ಪಕ್ಷ ಕಳವಾಗಿದೆ ಅಂತಲಾದರೂ ಬೆಲ್ಟಿನ ಹತ್ತಿರವೇ ತಿಳಿಯುತ್ತದೆ.

ಅಲ್ಲೇ ತಿಳಿಯುವುದು ಮುಖ್ಯ. ಚೆಕ್-ಇನ್ ಮಾಡುವಾಗ ಬ್ಯಾಗಿನ ತೂಕ ದಾಖಲಾಗಿರುತ್ತದೆ. ಡೆಕ್ ಒಂದೇ 640 ಗ್ರಾಂ. ಕೇಸ್, ಚಾರ್ಜರ್ ಸೇರಿದರೆ ಒಂದು ಕೆಜಿ ಹತ್ತಿರ. ಇಳಿದ ಕಡೆ ತೂಕ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಅನುಮಾನ ಬಂದರೆ ಹೊರಗೆ ಬರುವ ಮುನ್ನವೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಅನ್ನುವ ದೂರಿನ ವರದಿ ಬರೆಸಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗಿಗೆ ಆದ ಹಾನಿಯ ದೂರನ್ನು ಏಳು ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು ಅನ್ನುವುದು ಮಾಂಟ್ರಿಯಲ್ ಒಪ್ಪಂದದ ಮಾತು. ಭಾವ ದೂರು ಕೊಟ್ಟರು. ಬಂದ ಉತ್ತರ ಎರಡು ಸಾಲು: ಎಲೆಕ್ಟ್ರಾನಿಕ್ ವಸ್ತು ಚೆಕ್-ಇನ್‌ನಲ್ಲಿ ಇಡಬೇಡಿ ಅಂತ ಷರತ್ತಿನಲ್ಲೇ ಹೇಳಿದ್ದೇವೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಡೆಕ್ ಕೈಯಲ್ಲೇ. ಖಾಲಿ ಡಬ್ಬಿ ಮಾತ್ರ ಚಪ್ಪಟೆ ಮಾಡಿ ಸೂಟ್‌ಕೇಸಿಗೆ. ಹೊರಗೆ ಕಂಪನಿಯ ಹೆಸರು ಕಾಣುವ ಕೇಸನ್ನು ಅಕ್ಕ ಕೊಟ್ಟ ಹಳೇ ಬಟ್ಟೆ ಚೀಲದಲ್ಲಿ ಹಾಕಿದೆ. ಡೆಕ್‌ಗೆ ಪಿನ್ ಲಾಕ್ ಹಾಕಿದೆ. ಯಂತ್ರ ಹೋದರೂ ಸ್ಟೀಮ್ ಖಾತೆ ಹೋಗಬಾರದಲ್ಲ. ವರ್ಷಗಟ್ಟಲೆ ಕೊಂಡ ಆಟಗಳ ಬೆಲೆ ಯಂತ್ರಕ್ಕಿಂತ ಜಾಸ್ತಿ. ಕಳೆದರೆ ಫೋನಿನಿಂದಲೇ ಖಾತೆ ಕಾಯುವ ಸ್ಟೀಮ್ ಗಾರ್ಡ್‌ನಲ್ಲಿ ಬೇರೆಲ್ಲ ಸಾಧನಗಳನ್ನು ಹೊರಹಾಕಬಹುದು.

ಆಫೀಸಿನ ಗೆಳೆಯನೊಬ್ಬ ಹೊರಡುವ ವಾರ ಮೆಸೇಜ್ ಹಾಕಿದ: "ಲೋ, ನನಗೂ ಒಂದು ತಾರೋ, ದುಡ್ಡು ಕಳಿಸ್ತೀನಿ." ಲೆಕ್ಕ ಹಾಕಿ ತೋರಿಸಿದೆ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮದಲ್ಲಿ ಒಬ್ಬ ಪ್ರಯಾಣಿಕನಿಗೆ ಸುಂಕವಿಲ್ಲದ ಮಿತಿ 50,000 ರೂಪಾಯಿ. ಅದರ ಮೇಲಿನ ಮೊತ್ತಕ್ಕೆ ಮಾತ್ರ ಸುಂಕ, ಮೂವತ್ತೈದು ಶೇಕಡಾ, ಅದರ ಮೇಲೆ ಹತ್ತು ಶೇಕಡಾ ಸರ್‌ಚಾರ್ಜ್, ಒಟ್ಟು 38.5. ಡಾಲರಿಗೆ 85 ಹಿಡಿದರೆ ಒಂದು ಡೆಕ್ 55,165. ಮಿತಿ ಮೀರಿದ್ದು 5,165, ಸುಂಕ ಎರಡು ಸಾವಿರದ ಹತ್ತಿರ. ಎರಡು ಡೆಕ್ ಆದರೆ ಮಿತಿ ಅಷ್ಟೇ ಇರುತ್ತದೆ, ಮೀರಿದ್ದು 60,330, ಸುಂಕ 23,000 ದಾಟುತ್ತದೆ. ಎರಡನೆಯದರ ಲಾಭ ಪೂರ್ತಿ ಸುಂಕಕ್ಕೇ ಹೋಯಿತು. ಅವನು ಸುಮ್ಮನಾದ. ಗಂಡ ಹೆಂಡತಿ ಜೊತೆಗೆ ಬಂದರೂ ಇಬ್ಬರ ಮಿತಿಯನ್ನು ಕೂಡಿಸಿ ಒಂದು ಲಕ್ಷದ ವಸ್ತು ತರುವಂತಿಲ್ಲ, ಅದೂ ಅವನಿಗೆ ಹೊಳೆದಿದ್ದ ಉಪಾಯವೇ.

2026ರ ಫೆಬ್ರವರಿಯಿಂದ ಹೊಸ ಬ್ಯಾಗೇಜ್ ನಿಯಮ ಬಂದಿದೆ. ಮಿತಿ 75,000 ಆಗಿದೆ. ಈಗಾದರೆ ಅದೇ ಬೆಲೆಯ ಡೆಕ್‌ಗೆ ಸುಂಕವೇ ಇಲ್ಲ. ಒಂದು ಲ್ಯಾಪ್‌ಟಾಪಿನ ವಿನಾಯಿತಿ ಹಾಗೇ ಉಳಿದಿದೆ.

ದಾರಿ ಪೋರ್ಟ್‌ಲ್ಯಾಂಡ್, ಸಿಯಾಟಲ್, ದುಬೈ, ಬೆಂಗಳೂರು. ವಿಮಾನದ ಒಳಗಿನದಕ್ಕಿಂತ ನನಗೆ ಚಿಂತೆ ಸೆಕ್ಯೂರಿಟಿ ಟ್ರೇಗಳದ್ದು. ವಸ್ತು ನಮ್ಮ ಕೈ ಬಿಟ್ಟು, ನಮಗಿಂತ ಮುಂಚೆ ಆಚೆ ಕಡೆ ತಲುಪುವ ಜಾಗ ಅದೊಂದೇ. ದುಬೈಯಲ್ಲಿ ವಿಮಾನ ಬದಲಿಸುವಾಗಲೂ ಒಮ್ಮೆ ಸೆಕ್ಯೂರಿಟಿ ಇದೆ, ನಿದ್ದೆಗಣ್ಣು ಬೇರೆ. ನನ್ನ ಪದ್ಧತಿ ಇದು: ಮೊದಲು ಶೂ, ಜಾಕೆಟ್, ಬ್ಯಾಗು. ಯಂತ್ರಗಳ ಟ್ರೇ ಕೊನೆಗೆ. ನನ್ನ ಮುಂದೆ ಮನುಷ್ಯರ ಸಾಲು ಖಾಲಿಯಾಗುವವರೆಗೆ ಆ ಟ್ರೇ ಮೇಲಿನ ಕೈ ತೆಗೆಯುವುದಿಲ್ಲ. ಹಿಂದಿನವರು ಗೊಣಗಿದರೆ "ನೀವು ಮುಂದೆ ಹೋಗಿ" ಅನ್ನುವುದು.

ಕದಿಯುವವರಿಗಿಂತ ಜಾಸ್ತಿ ಕಾಟ ಅದಲುಬದಲಿನದು. ಹೊರಡುವ ದಿನ ಬೆಂಗಳೂರಿನ ಬೆಲ್ಟಿನ ಆಚೆ ಸಾಲಾಗಿ ಕೂತ ಲ್ಯಾಪ್‌ಟಾಪ್‌ಗಳನ್ನು ನೋಡಬೇಕಿತ್ತು. ಎಲ್ಲಾ ಕಪ್ಪು, ಎಲ್ಲಾ ಒಂದೇ ಕಂಪನಿ, ಎಲ್ಲದರ ಮೇಲೂ ಯಾವುದೋ ಐಟಿ ಕಂಪನಿಯ ಬಾರ್‌ಕೋಡ್. ನನ್ನನ್ನು ತಪಾಸಣೆ ಮಾಡುತ್ತಿದ್ದಾಗಲೇ ಫೋನಿನಲ್ಲಿ ಮಾತಾಡುತ್ತಿದ್ದ ಒಬ್ಬರು ನನ್ನ ಆಫೀಸ್ ಲ್ಯಾಪ್‌ಟಾಪ್ ಎತ್ತಿ ತಮ್ಮ ಬ್ಯಾಗಿಗೆ ಇಳಿಸತೊಡಗಿದರು. "ಸರ್, ಯಕ್ಷಗಾನದ ಕಿರೀಟ ಇರೋದು ನಂದು!" ಅಂತ ಅಲ್ಲಿಂದಲೇ ಕೂಗಿದೆ. ಅವರು ತಿರುಗಿಸಿ ನೋಡಿದರು. ಮುಚ್ಚಳದ ಮೇಲೆ ಅಂಗೈಯಗಲದ ಸ್ಟಿಕ್ಕರ್. ನಾಚಿಕೊಂಡು ವಾಪಸಿಟ್ಟರು. ಪಾಪ, ಕಳ್ಳರೇನಲ್ಲ. ಹತ್ತು ರೂಪಾಯಿಯ ಸ್ಟಿಕ್ಕರ್ ಇರದಿದ್ದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ದೂರದಿಂದ ಗುರುತು ಸಿಗುತ್ತಿರಲಿಲ್ಲ.

ಬೆಂಗಳೂರಿಗೆ ಇಳಿದಾಗ ಬೆಳಗಿನ ಜಾವ. ಬ್ಯಾಗ್ ಎತ್ತಿಕೊಂಡು ಎಲ್ಲರೂ ಸುಂಕ ಕಟ್ಟುವಂಥದ್ದೇನೂ ಇಲ್ಲ ಅನ್ನುವವರ ಹಸಿರು ದಾರಿಗೆ ನುಗ್ಗುತ್ತಿದ್ದರು. ನಾನು ಇದೆ ಅನ್ನುವವರ ಕೆಂಪು ದಾರಿಗೆ ಹೋದೆ. ಜನ ಕೊಡುವ ಸಲಹೆ ಗೊತ್ತಲ್ಲ: "ಡಬ್ಬಿ ಬಿಸಾಕು, ಬಿಲ್ ಹರಿ, ಎರಡು ದಿನ ಆಡು, ಹಳೇದು ಅನ್ನು." ನಿಯಮದಲ್ಲಿ ಸುಂಕವಿಲ್ಲದೆ ಬಿಡುವುದು ದಿನನಿತ್ಯದ ಬಳಕೆಯ ವಸ್ತುಗಳನ್ನು, ಬಟ್ಟೆ-ಬರೆಯಂಥವನ್ನು. ಹೊರಗೆ ಕೊಂಡ ಗೇಮಿಂಗ್ ಯಂತ್ರದ ಮೇಲಿನ ಪ್ಲಾಸ್ಟಿಕ್ ಕಿತ್ತ ಮಾತ್ರಕ್ಕೆ ಅದು ಆ ಸಾಲಿಗೆ ಸೇರುವುದಿಲ್ಲ. ಬಿಲ್ ಹರಿದರೆ ಇನ್ನೂ ಕೆಟ್ಟದ್ದು. ಆಗ ಅಧಿಕಾರಿ ಇಂಟರ್‌ನೆಟ್‌ನಲ್ಲಿ ಬೆಲೆ ಹುಡುಕುತ್ತಾರೆ, ಸಿಗುವುದು ನಮ್ಮಲ್ಲಿ ತರಿಸಿ ಮಾರುವವರ ದುಬಾರಿ ಬೆಲೆ. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದರೆ ವಸ್ತು ಜಪ್ತಿ ಮಾಡಿ, ಬಿಡಿಸಿಕೊಳ್ಳಲು ದಂಡ, ಮೇಲೆ ಪೆನಾಲ್ಟಿ ಹಾಕುವ ಅಧಿಕಾರ ಅವರಿಗಿದೆ. ಎರಡು ಸಾವಿರ ಉಳಿಸಲಿಕ್ಕೆ ಇಷ್ಟೆಲ್ಲ ಬೇಕಾ?

ಡಿಕ್ಲರೇಶನ್ ಫಾರಂ ಅಲ್ಲೇ ಸಿಕ್ಕಿತು. ಅತಿಥಿ ಅನ್ನುವ ಕಸ್ಟಮ್ಸ್‌ನವರ ಆ್ಯಪ್‌ನಲ್ಲಿ ಮೊದಲೇ ತುಂಬಬಹುದು, ನನಗೆ ಕಾಗದವೇ ಸಲೀಸು. ಕೌಂಟರಿನಲ್ಲಿದ್ದ ಮೇಡಂ ಡೆಕ್ ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿದರು.

"ಇದೇನ್ ಸರ್, ಟ್ಯಾಬ್ಲೆಟ್ಟಾ?"

"ಗೇಮ್ ಆಡೋದು ಮೇಡಂ. ಒಳಗೆ ಕಂಪ್ಯೂಟರೇ, ಲಿನಕ್ಸ್ ಇದೆ. ಇದನ್ನೇ ಆ ಒಂದು ಲ್ಯಾಪ್‌ಟಾಪ್ ಅಂತ ತಗೋಬಹುದಾ?" ಸುಮ್ನೆ ಕೇಳಿ ನೋಡಿದೆ.

ಅವರು ನಕ್ಕರು. "ಕೀಬೋರ್ಡ್ ಎಲ್ಲಿದೆ? ಗೇಮ್ ಅಂತ ನೀವೇ ಹೇಳಿದ್ರಲ್ಲ."

ಸರಿ, ನ್ಯಾಯವೇ. ಬಿಲ್ ಕೊಟ್ಟೆ. ಅಲ್ಲಿದ್ದ 649 ಡಾಲರನ್ನು ಅವರು ತಮ್ಮ ಇಲಾಖೆಯ ಆ ಹೊತ್ತಿನ ವಿನಿಮಯ ದರಕ್ಕೆ ಗುಣಿಸಿದರು. ಬ್ಯಾಂಕಿನದೂ ಅಲ್ಲ, ಗೂಗಲ್‌ನದೂ ಅಲ್ಲ, ಕಸ್ಟಮ್ಸ್‌ನವರೇ ಪ್ರಕಟಿಸುವ ದರ ಅದು. ನನ್ನ ಲೆಕ್ಕಕ್ಕೂ ಅವರದ್ದಕ್ಕೂ ಕೆಲವೇ ರೂಪಾಯಿ ವ್ಯತ್ಯಾಸ ಬಂತು. ಚಾಕೊಲೇಟ್, ಅಮ್ಮನ ವಿಟಮಿನ್ ಡಬ್ಬಿಗಳನ್ನೂ ಹೇಳಿದೆ. ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೂ ತಪ್ಪೇನಿಲ್ಲ, ಮಿತಿ ಒಟ್ಟು ಸಾಮಾನಿಗೆ.

ಆಮೇಲೆ ಕಣ್ಣು ಗೇಮಿಂಗ್ ಲ್ಯಾಪ್‌ಟಾಪಿನ ಮೇಲೆ ಬಿತ್ತು. "ಇದು?" ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮುಂದಿಟ್ಟೆ. ತಳದ ನಂಬರ್ ಅಳಿಸಿದ್ದನ್ನು ನೋಡಿ ಹುಬ್ಬು ಏರಿಸಿದರು. ಲ್ಯಾಪ್‌ಟಾಪ್ ಆನ್ ಮಾಡಿ ಅದೇ ಸಾಲು ಬರೆದು ನಂಬರ್ ತೋರಿಸಿದೆ. ಕಾಗದದಲ್ಲಿದ್ದದ್ದೂ ಅದೇ. "ಆಯ್ತು, ಒಳಗಿಟ್ಕೊಳ್ಳಿ." ಕಾರ್ಡ್‌ನಲ್ಲಿ ಸುಂಕ ಕಟ್ಟಿ, ಬ್ಯಾಗೇಜ್ ರಸೀದಿ ತೆಗೆದುಕೊಂಡೆ. ಪಕ್ಕದ ಕೌಂಟರಿನಲ್ಲಿ ಹತ್ತು ದಿನಕ್ಕೆ ಅಂತ ಊರಿಗೆ ಬಂದಿದ್ದ ಒಬ್ಬರು ತಮ್ಮ ಸಾಮಾನಿನ ಸುಂಕ ಕಟ್ಟುವ ಬದಲು ಅಲ್ಲೇ ಬಿಟ್ಟು ಹೋಗುವ ಮಾತಾಡುತ್ತಿದ್ದರು. ಅದಕ್ಕೂ ದಾರಿ ಇದೆ. ಸರಿಯಾಗಿ ಡಿಕ್ಲೇರ್ ಮಾಡಿದ್ದರೆ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ವಸ್ತುವನ್ನು ಅವರ ಹತ್ತಿರ ಇಟ್ಟು, ದೇಶ ಬಿಡುವಾಗ ವಾಪಸು ಪಡೆಯಬಹುದು. ಡಿಕ್ಲೇರ್ ಮಾಡದೆ ಸಿಕ್ಕಿಬಿದ್ದವರಿಗೆ ಆ ಸೌಲಭ್ಯ ಇಲ್ಲ.

ಶಿವಮೊಗ್ಗದ ವಿಮಾನ ಎಟಿಆರ್. ಎಪ್ಪತ್ತು ಚಿಲ್ಲರೆ ಸೀಟಿನ ಫ್ಯಾನ್ ವಿಮಾನ, ಮೇಲಿನ ಬಿನ್‌ಗಳು ಪುಟಾಣಿ. ಗೇಟಿನ ಹತ್ತಿರ ಸಿಬ್ಬಂದಿ ಬಂದು ನನ್ನ ಕ್ಯಾಬಿನ್ ಬ್ಯಾಗಿಗೆ ಚೀಟಿ ಕಟ್ಟಿಯೇಬಿಟ್ಟರು. "ಸರ್, ಇದು ಕೆಳಗೆ ಹೋಗುತ್ತೆ." ಅಮೆರಿಕದಿಂದ ಇಲ್ಲಿತನಕ ಕೈಯಲ್ಲೇ ಬಂದದ್ದು ಕೊನೆಯ ಒಂದು ಗಂಟೆಗೆ ಸಾಮಾನು ಕೋಣೆಗೆ ಇಳಿಯುವುದು ಹೀಗೇ. ಬೀಗ ಇರುವುದಿಲ್ಲ, ಒಳಗೆ ಪವರ್ ಬ್ಯಾಂಕ್ ಇರುತ್ತದೆ, ಜನ ಗಡಿಬಿಡಿಯಲ್ಲಿ ಹಾಗೇ ಕೊಟ್ಟು ಹತ್ತುತ್ತಾರೆ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳನ್ನು ಆಗ ಹೊರಗೆ ತೆಗೆಯಲೇಬೇಕು. ಲ್ಯಾಪ್‌ಟಾಪ್, ಕನ್ಸೋಲನ್ನು ಪೂರ್ತಿ ಆರಿಸಿ, ಪೆಟ್ಟು ಬೀಳದ ಹಾಗೆ ಇಟ್ಟು ಕಳಿಸಲು ನಿಯಮ ಬಿಡುತ್ತದೆ. ಕಳ್ಳನೂ ಅದನ್ನೇ ಕಾಯುತ್ತಿರುತ್ತಾನೆ.

ಅಕ್ಕನ ಬಟ್ಟೆ ಚೀಲ ಇದಕ್ಕೇ ಬೇಕಿತ್ತು. ಎರಡು ಲ್ಯಾಪ್‌ಟಾಪ್, ಡೆಕ್, ಪವರ್ ಬ್ಯಾಂಕ್, ಕಾಗದದ ಕವರ್ ಎಲ್ಲ ಅದರೊಳಗೇ ಇದ್ದವು, ಚೀಲ ಬ್ಯಾಗಿನೊಳಗೆ. ಜಿಪ್ ತೆಗೆದು ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಬ್ಯಾಗಿನಲ್ಲಿ ಉಳಿದದ್ದು ಬಟ್ಟೆ ಮತ್ತು ಲ್ಯಾಪ್‌ಟಾಪಿನ ಇಟ್ಟಿಗೆಯಂಥ ಚಾರ್ಜರ್. ಚಾರ್ಜರಿನಲ್ಲಿ ಬ್ಯಾಟರಿ ಇಲ್ಲ, ಅದು ಎಲ್ಲಿ ಬೇಕಾದರೂ ಹೋಗಲಿ. ಹಿಂದೆ ನಿಂತಿದ್ದ ಹುಡುಗಿ ನೆಲದ ಮೇಲೆ ಬ್ಯಾಗ್ ಬಿಚ್ಚಿಕೊಂಡು ಪವರ್ ಬ್ಯಾಂಕ್ ಹುಡುಕುತ್ತಿದ್ದಳು, ಬಸ್ಸಿನವರು ಕರೆಯುತ್ತಿದ್ದರು.

ಸೀಟಿನಲ್ಲಿ ಚೀಲವನ್ನು ಮುಂದಿನ ಸೀಟಿನ ಕೆಳಗೆ ನೂಕಿದೆ, ಅದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡೆ. ಮೇಲಿನ ಬಿನ್‌ನಲ್ಲಿ ಇಟ್ಟರೆ ನಿದ್ದೆ ಹೋದಾಗ ಯಾರು ಯಾವ ಬ್ಯಾಗ್ ತೆಗೆದರೂ ಯಾರೂ ಕೇಳುವುದಿಲ್ಲ, ಎಲ್ಲರೂ ತಮ್ಮದೇ ತೆಗೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಆ ಬ್ಯಾಗೇಜ್ ರಸೀದಿಯನ್ನು ಈಗಲೂ ಇಟ್ಟಿದ್ದೇನೆ. ಡೆಕ್‌ನ ಸೀರಿಯಲ್ ನಂಬರನ್ನೂ ಅದರ ಮೇಲೆ ಅವರ ಕೈಯಲ್ಲೇ ಬರೆಸಿಕೊಂಡಿದ್ದೆ. ನನ್ನ ತಮ್ಮ ಮುಂದಿನ ತಿಂಗಳು ಸಿಂಗಪುರಕ್ಕೆ ಹೊರಟಿದ್ದಾನೆ, ಡೆಕ್ ಬೇಕಂತೆ. ಬರುವಾಗ ಅವನನ್ನು ಯಾರಾದರೂ ತಡೆದರೆ ಸುಂಕ ಕಟ್ಟಿದ ಈ ಚೀಟಿ ಇದೆ. ಆದರೂ ಹೋಗುವಾಗ ಅವನ ಹೆಸರಿನಲ್ಲೇ ಒಂದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೋ ಅಂತ ಹೇಳಿದ್ದೇನೆ, ಯಾಕೆಂದರೆ ರಸೀದಿ ಇರುವುದು ನನ್ನ ಪಾಸ್‌ಪೋರ್ಟ್ ನಂಬರಿಗೆ.